ಕವರ್ಡ್ ಕಾಲ್: ಬಾಡಿಗೆಯಲ್ಲದ ಬಾಡಿಗೆ

ಕೇಳುಗರಿಗೆ ನಮಸ್ಕಾರ. ಒಂದು ಕಂಪನಿಯ ಷೇರುಗಳನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದವರಿಗೆ, ಅವನ್ನು ಮಾರದೆಯೇ ತಿಂಗಳಿಗಿಷ್ಟು ಹಣ ಪಡೆಯುವ ಉಪಾಯವೆಂದು ಕವರ್ಡ್ ಕಾಲ್ ಪದ್ಧತಿಯನ್ನು ಸೂಚಿಸುವುದುಂಟು. ಇದು ಮನೆಯನ್ನು ಬಾಡಿಗೆಗೆ ಕೊಟ್ಟಂತೆ ಎಂಬ ಹೋಲಿಕೆಯೂ ಚಾಲ್ತಿಯಲ್ಲಿದೆ. ನನಗೆ ಆ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಬಾಡಿಗೆದಾರನು ಕೊನೆಗೆ ಮನೆಯನ್ನು ನಮಗೇ ಬಿಟ್ಟು ಹೋಗುತ್ತಾನೆ. ಇಲ್ಲಿಯಾದರೋ, ಮನೆಯ ಬೆಲೆ ಏರಿದರೆ ಮೊದಲೇ ಗೊತ್ತುಪಡಿಸಿದ ಬೆಲೆಗೆ ಅದನ್ನು ಕೊಂಡುಕೊಳ್ಳುವ ಹಕ್ಕು ಅವನಿಗಿದೆ, ಬೆಲೆ ಇಳಿದರೆ ಕೊಳ್ಳಲೇಬೇಕೆಂಬ ಬಾಧ್ಯತೆ ಮಾತ್ರ ಇಲ್ಲ. ಆ ಏಕಪಕ್ಷೀಯ ಹಕ್ಕೇ ಕಾಲ್ ಆಪ್ಷನ್, ಮೊದಲೇ ಗೊತ್ತುಪಡಿಸಿದ ಆ ಬೆಲೆಯೇ ಸ್ಟ್ರೈಕ್, ಹಕ್ಕಿಗಾಗಿ ಅವನು ಕೊಡುವ ಹಣವೇ ಪ್ರೀಮಿಯಂ.

ಒಂದು ಉದಾಹರಣೆಯನ್ನು ನೋಡೋಣ. ನಿಮ್ಮ ಬಳಿ ನೂರು ಷೇರುಗಳಿವೆ, ಒಂದರ ಬೆಲೆ 100 ಎಂದಿಟ್ಟುಕೊಳ್ಳಿ; ನಾಣ್ಯ ಯಾವುದಾದರೂ ಆಗಲಿ. ಒಂದು ತಿಂಗಳ ಅವಧಿಯ, 105ರ ಸ್ಟ್ರೈಕ್ ಬೆಲೆಯ ಕಾಲ್ ಆಪ್ಷನ್ ಒಂದನ್ನು ಷೇರಿಗೆ 2ರಂತೆ ಮಾರುತ್ತೀರಿ. ಒಟ್ಟು 200 ಮೊದಲೇ ನಿಮ್ಮ ಖಾತೆಗೆ ಜಮೆಯಾಗುತ್ತದೆ, ಮತ್ತು ಏನೇ ಆದರೂ ಅದು ನಿಮ್ಮದೇ. ಕೊಡಬೇಕಾದ ಷೇರುಗಳು ಕೈಯಲ್ಲಿಯೇ ಇರುವುದರಿಂದ ಇದಕ್ಕೆ ಕವರ್ಡ್ ಎಂಬ ಹೆಸರು. ನಡುವೆ ಷೇರುಗಳನ್ನು ಮಾರಿಬಿಟ್ಟರೆ ಆ ರಕ್ಷಣೆ ಕಳಚಿಹೋಗಿ, ನಷ್ಟಕ್ಕೆ ಮಿತಿಯೇ ಇಲ್ಲದ ಸ್ಥಿತಿ ಉಂಟಾಗುತ್ತದೆ. ಅವಧಿ ಮುಗಿಯುವಾಗ ಬೆಲೆ 105ರ ಒಳಗಿದ್ದರೆ ಷೇರೂ ಉಳಿಯಿತು, ಹಣವೂ ಉಳಿಯಿತು. ಬೆಲೆ 120 ಆಗಿದ್ದರೆ ಷೇರನ್ನು 105ಕ್ಕೆ ಬಿಟ್ಟುಕೊಡಬೇಕು; ಪ್ರೀಮಿಯಂ ಸೇರಿಸಿ 107 ದಕ್ಕುತ್ತದೆ, ಉಳಿದ 13 ಕೊಂಡವನ ಪಾಲು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ದೀರ್ಘಕಾಲದ ಷೇರುದಾರನಿಗೆ ನಿಜವಾದ ಪೆಟ್ಟು ಬೀಳುವುದು ಬೆಲೆ ಮೊದಲು ಕುಸಿದು ನಂತರ ಚೇತರಿಸಿಕೊಂಡಾಗ. ಮೊದಲ ತಿಂಗಳಲ್ಲಿ ಬೆಲೆ 100ರಿಂದ 80ಕ್ಕೆ ಇಳಿಯಿತೆನ್ನಿ. ಕೈಗೆ ಬಂದ 2, ಕಳೆದುಹೋದ 20ರ ಮುಂದೆ ಹೆಚ್ಚೇನೂ ಅಲ್ಲ. ಈಗ 105ರ ಕಾಲ್‌ಗೆ ಬಿಡಿಗಾಸೂ ಹುಟ್ಟುವುದಿಲ್ಲ. ತಿಂಗಳ ವರಮಾನ ತಪ್ಪಬಾರದೆಂಬ ಆಸೆಯಿಂದ ನೀವು ಸ್ಟ್ರೈಕನ್ನು 85ಕ್ಕೆ ಇಳಿಸಿ, ಮತ್ತೆ 2 ಪಡೆಯುತ್ತೀರಿ. ಎರಡನೆಯ ತಿಂಗಳ ಕೊನೆಗೆ ಬೆಲೆ 98ಕ್ಕೆ ಮರಳುತ್ತದೆ. ಷೇರು 85ಕ್ಕೆ ಕೈಬಿಡುತ್ತದೆ. ಎರಡೂ ಪ್ರೀಮಿಯಂ ಸೇರಿದರೆ 89. ಏನೂ ಮಾಡದೆ ಸುಮ್ಮನಿದ್ದವನ ಬಳಿ 98 ಇದೆ. ಇಳಿತವನ್ನು ಪೂರ್ತಿಯಾಗಿ ಅನುಭವಿಸಿದ ನೀವು ಏರಿಕೆಯಲ್ಲಿ ಮಾತ್ರ ಅರೆಪಾಲನ್ನೂ ಪಡೆಯಲಿಲ್ಲ.

ಷೇರು ಕೈಬಿಡದಂತೆ ಆ ಕಾಲನ್ನು ಮರಳಿ ಕೊಂಡುಬಿಡಬಹುದಲ್ಲ ಎಂದು ನೀವು ಕೇಳಬಹುದು. ಕೊಳ್ಳಬಹುದು, ಅವಧಿಯ ಕೊನೆಗೆ ಅದರ ಬೆಲೆ ಸುಮಾರು 13 ಆಗಿರುತ್ತದೆ. 98ರ ಷೇರಿನಿಂದ ಆ 13ನ್ನು ಕಳೆದು, ಬಂದ 4ನ್ನು ಕೂಡಿಸಿದರೆ ಮತ್ತೆ ಅದೇ 89. ನಷ್ಟ ತಪ್ಪಲಿಲ್ಲ. ಹಿಂದೆಂದೋ ಅಗ್ಗವಾಗಿ ಕೊಂಡ ಷೇರುಗಳಾಗಿದ್ದು, ಮಾರಿದರೆ ಹೆಚ್ಚಿನ ತೆರಿಗೆ ಬೀಳುವುದಾದರೆ ಅದನ್ನು ಮುಂದೂಡಿದಂತಾಯಿತು, ಅಷ್ಟೇ. ಆದರೆ ಷೇರಿಗೆ 13ರಂತೆ 1,300ನ್ನು ರೊಕ್ಕವಾಗಿಯೇ ಹೊಂದಿಸಬೇಕು. ವರಮಾನಕ್ಕೆಂದು ಹೊರಟವನು ಆ ತಿಂಗಳು ತಾನೇ ಹಣ ತೆರುತ್ತಾನೆ.

ಆದ್ದರಿಂದ ಸ್ಟ್ರೈಕನ್ನು ಆರಿಸುವಾಗ ಪ್ರೀಮಿಯಂ ಎಷ್ಟು ಬರುತ್ತದೆ ಎಂಬುದಕ್ಕಿಂತ, ಆ ಬೆಲೆಗೆ ಈ ಷೇರನ್ನು ಇಂದೇ ಮಾರಲು ನನಗೆ ಮನಸ್ಸಿದೆಯೇ ಎಂದು ಕೇಳಿಕೊಳ್ಳುವುದು ಸರಿಯೆಂದು ನಾನು ಭಾವಿಸುತ್ತೇನೆ. 85ಕ್ಕೆ ಮಾರಲು ಮನಸ್ಸಿಲ್ಲದಿದ್ದರೆ ಆ ತಿಂಗಳು ಕಾಲ್ ಮಾರದೆ ಬಿಡುವುದೇ ಮೇಲು. ಎರಡು ಲಾಟ್, ಅಂದರೆ ಎರಡು ಆಪ್ಷನ್‌ಗಳಿಗೆ ಸಾಲುವಷ್ಟು ಷೇರು, ಇರುವವರು ಒಂದರ ಮೇಲೆ ಮಾತ್ರ ಮಾರಿ, ಇನ್ನೊಂದನ್ನು ಏರಿಕೆಗೆ ತೆರೆದಿಡಬಹುದು. ಪ್ರೀಮಿಯಂ ಎಂದಿಗಿಂತ ದಪ್ಪವಾಗಿ ಕಂಡರೆ ಹಿಗ್ಗುವ ಮೊದಲು, ಆ ಅವಧಿಯೊಳಗೆ ಕಂಪನಿಯ ಫಲಿತಾಂಶವೋ ಬೇರಾವುದೋ ಘೋಷಣೆಯೋ ಇದೆಯೇ ನೋಡಿ. ದೊಡ್ಡ ಏರಿಳಿತವನ್ನು ನಿರೀಕ್ಷಿಸಿದಾಗಲೇ ಮಾರುಕಟ್ಟೆ ಹೆಚ್ಚು ಕೊಡುತ್ತದೆ.

ಇನ್ನು ಲಾಭಾಂಶದ ವಿಷಯ. ಅವಧಿಗೆ ಮುಂಚೆಯೇ ಹಕ್ಕು ಚಲಾಯಿಸಲು ಅವಕಾಶವಿರುವ ಆಪ್ಷನ್‌ಗಳಲ್ಲಿ, ಕೊಂಡವನು ಲಾಭಾಂಶಕ್ಕಾಗಿಯೇ ಷೇರನ್ನು ಎಳೆದುಕೊಳ್ಳಬಹುದು. ಷೇರು 108ರಲ್ಲಿದೆ, 105ರ ಕಾಲ್ 3.20ಕ್ಕೆ ಸಿಗುತ್ತಿದೆ ಎನ್ನಿ. ಅದರಲ್ಲಿ 3 ಬೆಲೆಯ ಅಂತರ, ಉಳಿದ 0.20 ಮಾತ್ರ ಕಾಲಾವಧಿಯ ಮೌಲ್ಯ. ಲಾಭಾಂಶ 1 ಆಗಿದ್ದರೆ, 0.20 ಬಿಟ್ಟು 1 ಪಡೆಯುವುದೇ ಅವನಿಗೆ ಲಾಭ; ಷೇರು ಲಾಭಾಂಶರಹಿತವಾಗುವ, ಅಂದರೆ ಅಂದಿನಿಂದ ಕೊಂಡವರಿಗೆ ಆ ಲಾಭಾಂಶ ಸಿಗದ ದಿನದ, ಹಿಂದಿನ ದಿನವೇ ಅದು ನಿಮ್ಮ ಕೈಯಿಂದ ಹೋಗುವ ಸಂಭವ ಹೆಚ್ಚು. ಷೇರನ್ನೂ ಲಾಭಾಂಶವನ್ನೂ ಉಳಿಸಿಕೊಳ್ಳಬೇಕೆನ್ನುವವರು ಆ ದಿನಕ್ಕೆ ಮೊದಲೇ ಕಾಲನ್ನು ಮರಳಿ ಕೊಂಡಿರಬೇಕು. ನಮಸ್ಕಾರ.