ಮೊಳಕೆ ಕಾಳು ಒಳ್ಳೆಯದೇ, ಆದರೆ ಬೇಯಿಸಿ ತಿನ್ನಿ

ಇಷ್ಟೊಂದು ಜನ ಬಂದಿದ್ದೀರಿ, ಸಂತೋಷ. ಉಡುಪಿಯಲ್ಲಿ ಮೊಳಕೆ ಬರಿಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ, ನಮ್ಮ ಈ ಸೆಕೆಗೆ ಹೆಸರುಕಾಳು ಮರುದಿನಕ್ಕೆ ಬಾಲ ಬಿಟ್ಟಿರುತ್ತದೆ. ಹುರುಳಿ ಸ್ವಲ್ಪ ತಡ. ಆದರೆ ಈಗೀಗ ಅದನ್ನು ಹಸಿಯಾಗಿಯೇ, ಈರುಳ್ಳಿ ಲಿಂಬೆ ಹಾಕಿ ತಿನ್ನುವವರು ಜಾಸ್ತಿಯಾಗಿದ್ದಾರೆ. ನನ್ನ ತಕರಾರು ಅಷ್ಟಕ್ಕೇ.

ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚಗೆ, ರೋಗಾಣುವಿಗೂ ಅದೇ ಬೇಕು. ಗದ್ದೆಯಲ್ಲೋ ಗೋಣಿಯಲ್ಲೋ ಕಾಳಿನ ಸಿಪ್ಪೆಯ ಬಿರುಕಿಗೆ ನಾಲ್ಕು ರೋಗಾಣು ಸೇರಿಕೊಂಡಿದ್ದರೆ, ಬಟ್ಟೆಯೊಳಗೆ ಒಂದು ದಿನದಲ್ಲಿ ಅವು ಲಕ್ಷಗಟ್ಟಲೆಯಾಗುತ್ತವೆ. ವಾಸನೆ ಬರುವುದಿಲ್ಲ, ಲೋಳೆಯಾಗುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ಎಷ್ಟು ತೊಳೆದರೂ ಬಿರುಕಿನೊಳಗಿನದು ಹೋಗುವುದಿಲ್ಲ. ಮನೆಯಲ್ಲೇ ಮಾಡಿದ್ದು ಅಂದರೂ ಅಷ್ಟೇ, ಅದು ಕಾಳಿನ ಜೊತೆಗೇ ಬಂದಿರುತ್ತದೆ.

2011ರಲ್ಲಿ ಜರ್ಮನಿಯಲ್ಲಿ ಆದದ್ದು ಕೇಳಿ. ಸಾವಿರಾರು ಜನರಿಗೆ ರಕ್ತಭೇದಿ, ಎಷ್ಟೋ ಜನರ ಕಿಡ್ನಿ ಕೆಟ್ಟಿತು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಾಯಿಲೆ ಬಿದ್ದವರಲ್ಲಿ ಗಟ್ಟಿಮುಟ್ಟಾದ ದೊಡ್ಡವರೇ ಹೆಚ್ಚು, ಅದರಲ್ಲೂ ಹೆಂಗಸರು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಗುಮಾನಿ. ಸುಮ್ನೆ ಆ ರೈತರಿಗೆ ನಷ್ಟ. ಏನು ತಿಂದಿರಿ ಎಂದು ರೋಗಿಗಳನ್ನು ಕೇಳಿದರೆ ಮೊಳಕೆಯ ಹೆಸರು ಹೇಳಿದವರು ಕಡಿಮೆ, ಯಾಕೆಂದರೆ ಅದು ಸಲಾಡಿನ ಮೇಲೆ ಚೂರೇ ಚೂರು ಉದುರಿಸಿದ್ದು, ಯಾರಿಗೆ ನೆನಪಿರುತ್ತದೆ? ಕೊನೆಗೆ ಒಂದು ಹೋಟೆಲಿನ ಅಡುಗೆಯವರನ್ನೇ ಕೂರಿಸಿ, ಯಾವ ತಟ್ಟೆಗೆ ಏನೇನು ಹಾಕಿದಿರಿ ಎಂದು ಕೇಳಿದಾಗ ಮೊಳಕೆ ಸಿಕ್ಕಿಬಿತ್ತು. ಜಾಡು ಹಿಡಿದು ಹೋದರೆ ಈಜಿಪ್ಟಿನಿಂದ ಬಂದ ಮೆಂತೆ ಬೀಜ. ಮತ್ತೆ ಅದೇ ಮಾತು ನೋಡಿ, ಬೀಜದಲ್ಲೇ ಬಂದದ್ದು!

ಹಾಗಾಗಿ ಬೇಯಿಸಿ. ಹೆಸರುಕಾಳಿಗೆ ಇಡ್ಲಿ ಪಾತ್ರೆ ಸಾಕು. ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಜೋರಾಗಿ ಬರಲು ಶುರುವಾದ ಮೇಲೆ ಹತ್ತು ನಿಮಿಷ. ರಾಶಿ ಹಾಕಿದರೆ ನಡುವಿನದು ಹಸಿಯಾಗಿಯೇ ಉಳಿಯುತ್ತದೆ, ಆದ್ದರಿಂದ ನಡುವಿನದನ್ನೇ ಒಂದು ತೆಗೆದು ಬೆರಳಲ್ಲಿ ಹಿಸುಕಿ ನೋಡಿ. ಒಳಗೆಲ್ಲ ಬಿಸಿಯಾಗಿ, ಮೆತ್ತಗಾಗಿ, ಹಸಿ ವಾಸನೆ ಹೋಗಿರಬೇಕು. ಕುಕ್ಕರಿನಲ್ಲಾದರೆ ಸ್ವಲ್ಪವೇ ನೀರು, ಒಂದೇ ಸೀಟಿ. ಎರಡಾದರೆ ಮುದ್ದೆಯಾಗುತ್ತದೆ, ಸುಕ್ಕಕ್ಕೆ ಚಂದ ಇರುವುದಿಲ್ಲ.

ಹುರುಳಿ ಗಟ್ಟಿ ಕಾಳು, ಅದಕ್ಕೆ ಕುಕ್ಕರೇ ಸರಿ. ಮುಳುಗುವಷ್ಟು ನೀರು, ಮೂರು ನಾಲ್ಕು ಸೀಟಿ, ಆಮೇಲೆ ಹಬೆ ತಾನಾಗಿ ಇಳಿಯಲಿ. ಬೇಯಿಸಿದರೆ ಸತ್ವ ಹೋಗುತ್ತದೆ ಅಂತೀರಿ, ಅಲ್ವಾ? ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ, ನಿಜ. ಪ್ರೋಟೀನು, ಕಬ್ಬಿಣ ಎಲ್ಲೂ ಹೋಗುವುದಿಲ್ಲ. ಬೆಂದ ನೀರನ್ನು ಚೆಲ್ಲದೆ ಸಾರು ಮಾಡಿದರಾಯಿತು.

ಸಮಯ ಆಯ್ತು ಅಂತಿದ್ದಾರೆ, ಇನ್ನೊಂದೇ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಬೇಡವೇ ಬೇಡ. ಬೇಯಿಸಿದ್ದನ್ನೂ ಸಂಜೆವರೆಗೆ ಹೊರಗಿಡಬೇಡಿ, ಕುದಿಗೂ ಸಾಯದ ಕೆಲವು ರೋಗಾಣುಗಳಿವೆ, ತಣ್ಣಗಾದ ಮೇಲೆ ಮತ್ತೆ ಬೆಳೆಯುತ್ತವೆ. ಎರಡು ಗಂಟೆಯೊಳಗೆ ತಿನ್ನಿ, ಇಲ್ಲ ಫ್ರಿಜ್ಜಿಗಿಡಿ.