ಖಾಲಿ ಓಡುವ ಮೋಟಾರು, ಪಕ್ಕದಲ್ಲೊಂದು ಕೆಪಾಸಿಟರ್

ಕೇಳುಗರೇ, ನಮಸ್ಕಾರ. ಕಲಬುರಗಿಯ ಬೇಳೆ ಗಿರಣಿಗಳಲ್ಲಿ ತೊಗರಿ ಸಿಕ್ಕಿಕೊಂಡರೂ ರೋಲರ್ ನಿಲ್ಲಬಾರದೆಂದು ದೊಡ್ಡ ಮೋಟಾರನ್ನೇ ಹಾಕಿಸುತ್ತಾರೆ. ಆದರೆ ಕಾಳು ಕಡಿಮೆ ಬೀಳುವಾಗ ಅದರ ಮೇಲೆ ಹೊರೆಯೇ ಇರುವುದಿಲ್ಲ. ಆಗ ಏನಾಗುತ್ತದೆ ಎಂಬುದನ್ನು ಇಪ್ಪತ್ತು ಅಶ್ವಶಕ್ತಿಯ, 415 ವೋಲ್ಟಿನ ಒಂದು ಇಂಡಕ್ಷನ್ ಮೋಟಾರಿನ ಲೆಕ್ಕದಲ್ಲಿ ನೋಡೋಣ.

ಈ ಮೋಟಾರು ಎರಡು ಬಗೆಯ ಕರೆಂಟ್ ಎಳೆಯುತ್ತದೆ. ಒಂದು ಕೆಲಸ ಮಾಡುವ ಕರೆಂಟ್. ಹೊರೆ ಇಳಿದರೆ ಅದೂ ಇಳಿಯುತ್ತದೆ. ಇನ್ನೊಂದು ಕಾಂತಕ್ಷೇತ್ರ ಕಟ್ಟುವ ಕರೆಂಟ್. ಮೋಟಾರಿನ ನಿಂತ ಭಾಗವಾದ ಸ್ಟೇಟರಿಗೂ ತಿರುಗುವ ಭಾಗವಾದ ರೋಟರಿಗೂ ನಡುವೆ ಗಾಳಿಯ ತೆರವು ಇರುವುದರಿಂದ ಇದು ಸಾಕಷ್ಟು ದೊಡ್ಡದು, ಹೊರೆ ಇರಲಿ ಬಿಡಲಿ ಸುಮಾರು 10 ಆಂಪಿಯರ್ ಬೇಕೇ ಬೇಕು.

ಹೊರೆ ಕಾಲು ಭಾಗಕ್ಕೆ ಇಳಿದಾಗ ಕೆಲಸದ ಕರೆಂಟ್ 7 ಆಂಪಿಯರ್ ಎಂದುಕೊಳ್ಳಿ. ಈ ಎರಡೂ ಕರೆಂಟುಗಳು ಕಾಲು ಆವರ್ತದಷ್ಟು ಹಿಂದುಮುಂದಾಗಿ ಹರಿಯುವುದರಿಂದ ತಂತಿಯಲ್ಲಿ ಒಟ್ಟು 17 ಅಲ್ಲ, ಸುಮಾರು 12.2 ಆಂಪಿಯರ್ ಹರಿಯುತ್ತದೆ. ಏಳನ್ನು ಅದರಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್, ಅಂದರೆ ಒಟ್ಟು ಕರೆಂಟಿನ ಎದುರು ಕೆಲಸದ ಕರೆಂಟಿನ ಪ್ರಮಾಣ, 0.57. ಪೂರ್ಣ ಹೊರೆಯಲ್ಲಿ ಇದೇ ಮೋಟಾರು 0.86ರ ಆಸುಪಾಸಿನಲ್ಲಿರುತ್ತದೆ. ಮೋಟಾರು ಕೆಟ್ಟಿಲ್ಲ, ಅದರ ಹುಟ್ಟುಗುಣವೇ ಹೀಗೆ.

ಈಗ 6 ಕೆವಿಎಆರ್ ಕೆಪಾಸಿಟರ್ ಸೇರಿಸೋಣ. ಅದು ಕಾಂತಕ್ಷೇತ್ರಕ್ಕೆ ಬೇಕಾದ ಹತ್ತರಲ್ಲಿ ಸುಮಾರು 8.3 ಆಂಪಿಯರನ್ನು ತಾನೇ ಒದಗಿಸುತ್ತದೆ. ಸರಬರಾಜಿನಿಂದ ಬರುವುದು 7.2 ಆಂಪಿಯರಿಗೆ ಇಳಿದು, ಪವರ್ ಫ್ಯಾಕ್ಟರ್ 0.97 ಆಗುತ್ತದೆ.

ಅದನ್ನು ಮೀಟರ್ ಪಕ್ಕದ ಮುಖ್ಯ ಪ್ಯಾನೆಲಿನಲ್ಲೇ ಇಟ್ಟರೆ ಸಾಲದೇ? ಬಿಲ್ಲಿನ ಪವರ್ ಫ್ಯಾಕ್ಟರಿಗೆ ಸಾಕು. ಆದರೆ ಪ್ಯಾನೆಲಿನಿಂದ ಮೋಟಾರಿನವರೆಗಿನ ಕೇಬಲ್ ಆಗಲೂ 12.2 ಆಂಪಿಯರನ್ನೇ ಹೊರುತ್ತದೆ. ಕೇಬಲಿನ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ. ಮೋಟಾರಿನ ಬಳಿ ಕೆಪಾಸಿಟರ್ ಇದ್ದರೆ ಆ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಕೇಬಲ್ ಮೀಟರಿನ ಈಚೆ ಇರುವುದರಿಂದ ನಷ್ಟದ ಹಣ ಕಟ್ಟುವವರು ನೀವೇ. ಮೋಟಾರಿನೊಡನೆಯೇ ಕೆಪಾಸಿಟರೂ ಆರುವುದರಿಂದ ಗಿರಣಿ ನಿಂತಾಗ ಅದೊಂದೇ ಲೈನಿನಲ್ಲಿ ಉಳಿಯುವುದೂ ಇಲ್ಲ.

ಹಾಗೆಂದು ಹತ್ತಕ್ಕೆ ಹತ್ತನ್ನೂ ಕೆಪಾಸಿಟರಿನಿಂದಲೇ ತುಂಬಿಸಬೇಡಿ. ಖಾಲಿ ಓಟದ ಕಾಂತಕ್ಷೇತ್ರದ ಕರೆಂಟಿನ ಶೇಕಡಾ 90 ಮೀರಬಾರದು. ಸರಬರಾಜು ತಪ್ಪಿದ ಮೇಲೂ ಭಾರದ ರೋಲರ್ ತಿರುಗುತ್ತಲೇ ಇರುತ್ತದೆ. ನೇರವಾಗಿ ಜೋಡಿಸಿದ ದೊಡ್ಡ ಕೆಪಾಸಿಟರ್ ಆಗ ಕಾಂತಕ್ಷೇತ್ರವನ್ನು ಉಳಿಸಿ, ಮೋಟಾರನ್ನೇ ಜನರೇಟರ್ ಆಗಿಸುತ್ತದೆ. ವೋಲ್ಟೇಜ್ ಏರಿ ಸುರುಳಿಯ ನಿರೋಧಕ ಹೊದಿಕೆ ಹಾಳಾಗಬಹುದು. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ, ಮೋಟಾರು ಡೆಲ್ಟಾಕ್ಕೆ ಬಂದ ಮೇಲೆ ಮಾತ್ರ ಬೇರೊಂದು ಕಾಂಟ್ಯಾಕ್ಟರ್ ಮೂಲಕ ಕೆಪಾಸಿಟರ್ ಸೇರುವಂತೆ ಮಾಡಿಸಿ.

ನಮ್ಮ ಬೇಸಿಗೆಯ ಬಿಸಿಗೆ ಕೆಪಾಸಿಟರ್ ಬೇಗ ಸೊರಗುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಮೋಟಾರು ಓಡುವಾಗ ಎಲೆಕ್ಟ್ರಿಷಿಯನ್ನಿಂದ ಕೆಪಾಸಿಟರಿನ ಮೂರೂ ತಂತಿಗಳಿಗೆ ಕ್ಲ್ಯಾಂಪ್ ಮೀಟರ್ ಹಾಕಿಸಿ ನೋಡಿ. ಮೂರರಲ್ಲೂ 8.3ರ ಹತ್ತಿರ ಬರಬೇಕು. ಯಾವುದಾದರೂ ತಂತಿಯಲ್ಲಿ ಐದಾರಕ್ಕೆ ಇಳಿದಿದ್ದರೆ ಆ ಕೆಪಾಸಿಟರನ್ನು ಬದಲಿಸಬೇಕು.