ಕೂತರೆ ಉರಿ, ಎದ್ದರೆ ಆರಾಮ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಜನ ಹೇಳಿಕೊಳ್ಳೋಕೆ ನಾಚಿಕೊಳ್ಳುವ ಒಂದು ತೊಂದರೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಹೋದ ವರ್ಷ ಒಬ್ಬರು ಮೇಷ್ಟ್ರು ಬಂದಿದ್ದರು. ವಯಸ್ಸು ನಲವತ್ತರ ಆಚೆ. ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್‌ನಲ್ಲಿ ಬೇಲೂರಿಗೆ ಹೋಗಿ, ಕಾಫಿ ಕುಡಿದು ವಾಪಸ್ ಬರೋರು. ಹೋಗ್ತಾ ಬರ್ತಾ ಸೇರಿ ಸುಮಾರು 80 ಕಿಲೋಮೀಟರ್. ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: ಸೈಕಲ್ ಹತ್ತಿ ಅರ್ಧ ಗಂಟೆಗೆ ಕೆಳಗೆಲ್ಲ ಜೋಮು ಹಿಡಿಯುತ್ತೆ, ಮುಟ್ಟಿದರೂ ಗೊತ್ತಾಗಲ್ಲ. ಮೊದಲು ಇಳಿದ ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಈಗ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತರೂ ಖಾರ ಸವರಿದ ಹಾಗೆ ಉರಿ.

ನಾನು ಒಂದು ಪ್ರಶ್ನೆ ಕೇಳಿದೆ. "ಮೇಷ್ಟ್ರೇ, ಕಮೋಡ್ ಮೇಲೆ ಕೂತಾಗ ಹೇಗಿರುತ್ತೆ?" ಅವರು ಆಶ್ಚರ್ಯದಿಂದ ನೋಡಿದರು. "ಅಲ್ಲಿ ಮಾತ್ರ ಆರಾಮ ಸರ್. ನಿಂತರೂ ಆರಾಮ. ರಾತ್ರಿ ನಿದ್ದೆಗೇನೂ ತೊಂದರೆ ಇಲ್ಲ."

ಈ ಉತ್ತರ ತುಂಬಾ ಹೇಳುತ್ತದೆ. ನಾವು ಕೂತಾಗ ಭಾರ ಬೀಳಬೇಕಾದ್ದು ಕುಂಡೆಯ ಕೆಳಗಿರುವ ಎರಡು ಗಟ್ಟಿ ಮೂಳೆಗಳ ಮೇಲೆ. ಮರದ ಬೆಂಚಿನ ಮೇಲೆ ಕೂತು ಆ ಕಡೆ ಈ ಕಡೆ ವಾಲಿದರೆ ಅವು ಸಿಗುತ್ತವೆ. ಆ ಮೂಳೆಗಳ ಒಳಮಗ್ಗುಲಲ್ಲೇ ಪ್ಯುಡೆಂಡಲ್ ಅನ್ನುವ ನರ ಹಾದುಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಬೆನ್ನಿನ ಕೊನೆಯಿಂದ ಹೊರಟು, ಎರಡು ಗಟ್ಟಿ ಪಟ್ಟಿಗಳ ನಡುವೆ ನುಸುಳಿ, ಮಲದ್ವಾರಕ್ಕೂ ಜನನಾಂಗಕ್ಕೂ ಕವಲು ಕೊಡುತ್ತದೆ. ಗಂಡಸರಿಗೂ ಹೆಂಗಸರಿಗೂ ಇದು ಒಂದೇ. ಭಾರ ಮೂಳೆ ಬಿಟ್ಟು ನಡುವಿನ ಮೆತ್ತನೆ ಜಾಗಕ್ಕೆ ಬಿದ್ದರೆ ಈ ನರದ ದಾರಿ ಅದುಮಿಹೋಗುತ್ತದೆ. ಕಮೋಡ್‌ನಲ್ಲಿ ನಡುವೆ ಖಾಲಿ ಇರುತ್ತದಲ್ವಾ, ಅದಕ್ಕೇ ಅಲ್ಲಿ ಹಗುರ.

ಅವರ ಸೈಕಲ್ ತರಿಸಿ ನೋಡಿದೆ. ನೋವಿಗೆ ಅಂತ ಸೀಟಿನ ಮೇಲೆ ದಪ್ಪ ಜೆಲ್ ಕವರ್ ಹಾಕಿದ್ದರು. ಬಹಳ ಜನ ಎಡವುವುದು ಇಲ್ಲೇ. ತೀರಾ ಮೆತ್ತಗಿದ್ದರೆ ಮೂಳೆ ಒಳಗೆ ಇಳಿದುಬಿಡುತ್ತದೆ, ನಡುವಿನ ಜೆಲ್ ಉಬ್ಬಿ ನರದ ಜಾಗಕ್ಕೇ ಒತ್ತುತ್ತದೆ. ಸೀಟಿನ ಮೂತಿ ಮೇಲೆದ್ದಿತ್ತು. ಸೀಟು ಎತ್ತರವೂ ಜಾಸ್ತಿ, ಹಾಗಾಗಿ ಪ್ರತಿ ತುಳಿತಕ್ಕೂ ಸೊಂಟ ವಾಲಿ ಉಜ್ಜುತ್ತಿತ್ತು.

ಕವರ್ ತೆಗೆಸಿದೆ. ಸೀಟಿನ ಮೇಲೆ ಮಟ್ಟಗೋಲು ಇಟ್ಟು ಸಮ ಮಾಡಿದೆವು. ಪೆಡಲ್ ತೀರಾ ಕೆಳಗಿದ್ದಾಗಲೂ ಮಂಡಿ ಸ್ವಲ್ಪ ಬಾಗಿರುವಷ್ಟು ಸೀಟು ಇಳಿಸಿದೆವು. ಹ್ಯಾಂಡಲ್ ಸ್ವಲ್ಪ ಮೇಲೆತ್ತಿದೆವು, ತುಂಬಾ ಬಗ್ಗಿದಷ್ಟೂ ಭಾರ ಮುಂದಕ್ಕೆ ಜಾರುತ್ತದೆ. ಆಮೇಲೆ ರಟ್ಟಿನ ಡಬ್ಬದ ಒಂದು ತುಂಡನ್ನು ಮೆಟ್ಟಿಲ ಮೇಲೆ ಹಾಕಿ ಅದರ ಮೇಲೆ ಕೂರಿಸಿದೆ. ಎರಡು ಗುಳಿ ಬಿದ್ದವು. ಗುಳಿಯಿಂದ ಗುಳಿಗೆ 12 ಸೆಂಟಿಮೀಟರ್. ಅವರ ಸೀಟಿನ ಹಿಂಭಾಗದ ಅಗಲವೂ ಅಷ್ಟೇ ಇತ್ತು! ಮೂಳೆ ಅಂಚಿನಲ್ಲಿ ನಿಂತಿತ್ತು ಅಂತಾಯಿತು. ಇನ್ನೂ ಎರಡು ಮೂರು ಸೆಂಟಿಮೀಟರ್ ಅಗಲವಾದ, ನಡುವೆ ಸೀಳಿರುವ ಸೀಟು ಹುಡುಕಲು ಹೇಳಿದೆ.

ಆದರೆ ತಕ್ಷಣ ಸೈಕಲ್ ಹತ್ತಲು ಬಿಡಲಿಲ್ಲ. ಕುರ್ಚಿಯಲ್ಲೂ ಉರಿ ಇದ್ದರೆ ನರ ಕೆರಳಿದೆ ಅಂತ ಅರ್ಥ. ಅದು ತಣ್ಣಗಾಗಲು ವಾರಗಳೇ ಬೇಕು, ಕೆಲವರಿಗೆ ತಿಂಗಳುಗಳು. ಕುರ್ಚಿಗೆ ನಡುವೆ ಕತ್ತರಿಸಿದ ಗಟ್ಟಿ ಫೋಮ್ ದಿಂಬು, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು. ಅವರು ಫೋನಿನಲ್ಲಿ ನೋಡಿ, ಮೂತ್ರ ತಡೆದ ಹಾಗೆ ಬಿಗಿ ಹಿಡಿಯುವ ವ್ಯಾಯಾಮ ಬೇರೆ ಮಾಡುತ್ತಿದ್ದರು. ಅದನ್ನು ನಿಲ್ಲಿಸಿದೆ. ಆ ಸ್ನಾಯುಗಳು ಮೊದಲೇ ಬಿಗಿದಿದ್ದವು. ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಕೆಳಗಿನ ಸ್ನಾಯು ಸಡಿಲ ಬಿಡುವುದನ್ನು ಕಲಿಸಿದೆ.

ಆರು ವಾರಕ್ಕೆ ಕುರ್ಚಿಯ ಉರಿ ಬಹಳ ಇಳಿಯಿತು. ಹಾಗೆ ಇಳಿಯದಿದ್ದರೆ ನರದ ಬಳಿ ಇಂಜೆಕ್ಷನ್ ಕೊಟ್ಟು ನೋಡುವ ತಜ್ಞರ ಹತ್ತಿರ ಕಳಿಸುತ್ತಿದ್ದೆ.

ಒಂದು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಕೆಳಗೆ ಜೋಮಿನ ಜೊತೆ ಮೂತ್ರ ಕಟ್ಟಿದರೆ, ಮಲ ಮೂತ್ರ ಗೊತ್ತಾಗದೆ ಹೋದರೆ, ಕಾಲು ಸೋತರೆ, ಅದು ಸೀಟಿನ ತೊಂದರೆ ಅಲ್ಲ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ.

ಮೇಷ್ಟ್ರು ಈಗ ಮತ್ತೆ ಸೈಕಲ್ ತುಳಿಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು, ಇಪ್ಪತ್ತು ಎಣಿಸಿ, ಮತ್ತೆ ಕೂರುತ್ತಾರೆ. ಜೋಮು ಶುರುವಾದರೆ ಅಲ್ಲೇ ಇಳಿದು ಸ್ವಲ್ಪ ದೂರ ನಡೆಯುತ್ತಾರೆ. ಬೇಲೂರಿನವರೆಗೆ ಇನ್ನೂ ಹೋಗಿಲ್ಲ. ಸದ್ಯಕ್ಕೆ ಅರ್ಧ ದಾರಿ.

ನಮಸ್ಕಾರ.